ಇಪ್ಪತ್ತೊಂದನೇ ಕಂತು

ತರೀಕೆರೆಯ ಲಾರಿ ಸ್ಟ್ಯಾಂಡಿನಲ್ಲಿ ರುದ್ರಮೂರ್ತಿಯ ಕೈಯಿಂದ ಒಮ್ಮೆಯೂ ಏಟು ತಿನ್ನದವರನ್ನು ಹುಡುಕಿದರೆ ಹತ್ತು ಜನ ಸಿಕ್ಕರೆ ಹೆಚ್ಚು. ಬಾಡಿಗೆ ಕೇಳಲು ಬಂದ ಮಾಲೀಕನ ಕಪಾಳಕ್ಕೆ ಬಿಗಿದಿದ್ದ. ಕೆಲಸ ಮಾಡಿಸಿಕೊಂಡು ದುಡ್ಡು ಕೊಡದೆ ಗಾಡಿ ಎತ್ತಿದ ಡ್ರೈವರನನ್ನು ಕ್ಯಾಬಿನ್ನಿನಿಂದ ಕೆಳಗೆಳೆದು ಎರಡು ಹಲ್ಲು ಉದುರಿಸಿದ್ದ. ಪಕ್ಕದ ಪಂಕ್ಚರ್ ಅಂಗಡಿಯ ತಿಪ್ಪೇಶನಿಗಂತೂ ವರ್ಷಕ್ಕೊಂದು ಗುದ್ದು ಖಾತ್ರಿ. ಆಮೇಲೆ ತಾನೇ ಟೀ ತರಿಸಿ ಕುಡಿಸುತ್ತಿದ್ದ. ಹೊಡೆಯುವುದೂ ಅವನೇ, ಸಮಾಧಾನ ಹೇಳುವುದೂ ಅವನೇ. ಜನ ಬಯ್ದುಕೊಂಡೇ ಅವನ ಹತ್ತಿರ ಬರುತ್ತಿದ್ದರು, ಯಾಕೆಂದರೆ ಕಡೂರಿನಿಂದ ಶಿವಮೊಗ್ಗದವರೆಗೆ ಲಾರಿಯ ಸ್ಪ್ರಿಂಗ್ ಪ್ಲೇಟು ಮುರಿದರೆ ಅವನಷ್ಟು ಗಟ್ಟಿಯಾಗಿ ಬಗ್ಗಿಸಿ ಕೂರಿಸುವವರು ಇನ್ನೊಬ್ಬರಿರಲಿಲ್ಲ.

ಈ ಕೈ ಎಲ್ಲಿಂದ ಬಂತು ಅಂದರೆ ಅಪ್ಪನಿಂದ ಬಂತು. ಅಪ್ಪ ಷಣ್ಮುಖಪ್ಪ ಅಜ್ಜಂಪುರದ ಹತ್ತಿರ ಮೂರೆಕರೆ ಈರುಳ್ಳಿ ಹೊಲ ಇಟ್ಟುಕೊಂಡಿದ್ದವನು. ಮಠದ ಪೂಜೆ ತಪ್ಪಿಸದವನು, ಮಗನಿಗೆ ಏಟು ಕೊಡುವುದನ್ನೂ ತಪ್ಪಿಸದವನು. ಲೆಕ್ಕ ತಪ್ಪಿದರೆ ಎತ್ತಿನ ಬಾರುಕೋಲು, ಸುಳ್ಳು ಹೇಳಿದರೆ ಹಗ್ಗ. ಆದರೆ ಆ ಮನುಷ್ಯನಿಗೆ ಒಂದು ಹೆಮ್ಮೆಯಿತ್ತು: ಅಜ್ಜಂಪುರದ ಸೊಸೈಟಿಯ ಗೋಡೆಯ ಮೇಲೆ ಪ್ರತಿ ವರ್ಷ ಅಂಟಿಸುತ್ತಿದ್ದ ಸುಸ್ತಿದಾರರ ಪಟ್ಟಿಯಲ್ಲಿ ಅವನ ಹೆಸರು ಒಮ್ಮೆಯೂ ಬಂದಿರಲಿಲ್ಲ. ಸಾಲ ತಂದು ಗಡುವಿನಲ್ಲಿ ಕಟ್ಟದೆ ಉಳಿಸಿಕೊಂಡವನೇ ಸುಸ್ತಿದಾರ. ಕೊನೆಕೊನೆಗೆ ಸರ್ಕಾರ ಬೆಳೆಸಾಲದ ಬಡ್ಡಿಯನ್ನು ಪೂರ್ತಿ ತೆಗೆದ ಮೇಲಂತೂ ಅಪ್ಪ ಮೀಸೆ ತಿರುವಿಕೊಂಡು ಹೇಳುತ್ತಿದ್ದ, "ನೋಡ್ಲಾ, ಗಡುವಿನೊಳಗೆ ಕಟ್ದೋನ್ಗೆ ಒಂದ್ಕಾಸು ಬಡ್ಡಿ ಇಲ್ಲ. ಬಡ್ಡಿ ಅನ್ನೋದು ಸುಸ್ತಿದಾರ್ರಿಗೆ ಮಾತ್ರ." ಬಾರುಕೋಲಿನ ಜೊತೆಗೆ ಈ ಮಾತೂ ರುದ್ರಮೂರ್ತಿಯ ಮೈಯಲ್ಲಿ ಉಳಿಯಿತು.

ಇಷ್ಟು ಜನರನ್ನು ಹೊಡೆದವನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಕೈಯೆತ್ತದಿದ್ದದ್ದು ಕರಿಯಣ್ಣನೊಬ್ಬನ ಮೇಲೆ. ಕರಿಯಣ್ಣ ಅಜ್ಜಂಪುರದವನು, ದಿನಾ ರೈಲಿನಲ್ಲೋ ಬಸ್ಸಿನಲ್ಲೋ ಬಂದು ಹೋಗುತ್ತಿದ್ದ. ಕುಲುಮೆಯಿಂದ ಕೆಂಪಗೆ ಕಾದ ಪ್ಲೇಟನ್ನು ಇಕ್ಕಳದಲ್ಲಿ ಹಿಡಿದು ಕಬ್ಬಿಣದ ಅಡಿಗಲ್ಲಿನ ಮೇಲೆ ತಿರುಗಿಸುವವನು ಅವನು, ಎಂಟು ಕೆಜಿಯ ಸುತ್ತಿಗೆ ಬೀಸುವವನು ರುದ್ರಮೂರ್ತಿ. ಸುತ್ತಿಗೆ ಬೀಳುವ ಜಾಗಕ್ಕೂ ಕರಿಯಣ್ಣನ ಕೈಗೂ ಒಂದು ಗೇಣು ಅಂತರ. ಮಾತೇ ಬೇಕಿರಲಿಲ್ಲ ಅವರಿಬ್ಬರಿಗೆ. ಬಂದ ಕೂಲಿಯಲ್ಲಿ ನೂರಕ್ಕೆ ಅರವತ್ತು ರುದ್ರಮೂರ್ತಿಗೆ, ನಲವತ್ತು ಕರಿಯಣ್ಣನಿಗೆ. ಎಸ್ಸೆಸ್ಸೆಲ್ಸಿ ಮುಗಿಸಿದ್ದ ಕರಿಯಣ್ಣನೇ ಕಾಗದಪತ್ರ, ಫೋನು, ಇಂಗ್ಲಿಷು ಎಲ್ಲ ನೋಡಿಕೊಳ್ಳುತ್ತಿದ್ದ.

ಕ್ರೆಡಿಟ್ ಕಾರ್ಡು ಬಂದಿದ್ದು ಕಡೂರಿನ ಬ್ಯಾಂಕಿನಿಂದ. ಅಂಗಡಿಯ ಖಾತೆ ಅಲ್ಲೇ ಇತ್ತು. ಟೈ ಕಟ್ಟಿಕೊಂಡ ಏಜೆಂಟನೊಬ್ಬ ಅಂಗಡಿಗೇ ಬಂದು ಸಹಿ ಹಾಕಿಸಿಕೊಂಡು ಹೋಗಿದ್ದ. ಹೋಗುವಾಗ ಹೇಳಿದ್ದ, "ತಿಂಗಳು ತಿಂಗಳು ಮಿನಿಮಮ್ ಕಟ್ತಾ ಹೋಗಿ ಸಾಕು ಸಾರ್, ಲೇಟ್ ಫೀ ಬೀಳಲ್ಲ, ನಿಮ್ಮ ಹೆಸರು ಕ್ಲೀನಾಗಿರುತ್ತೆ." ಆ ಪುಣ್ಯಾತ್ಮ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೇಳದೆ ಬಿಟ್ಟದ್ದರಲ್ಲೇ ಎಲ್ಲ ಇತ್ತು. ಶಿವಮೊಗ್ಗದ ಅಂಗಡಿಯಲ್ಲಿ ಹೊಸ ಪ್ಲೇಟುಗಳ ದಾಸ್ತಾನು ಅಗ್ಗಕ್ಕೆ ಸಿಗುತ್ತದೆ ಅಂದಾಗ ರುದ್ರಮೂರ್ತಿ ಒಂದೇ ಸಲಕ್ಕೆ ಎಂಬತ್ತನಾಲ್ಕು ಸಾವಿರಕ್ಕೆ ಆ ಕಾರ್ಡು ಉಜ್ಜಿಸಿ, ಲಾರಿಯಲ್ಲಿ ಮಾಲು ಹೇರಿಸಿಕೊಂಡು ಬಂದ. ಆಮೇಲೆ ಅದನ್ನು ಮುಟ್ಟಲಿಲ್ಲ.

ಮೂರು ವಾರಕ್ಕೆ ಕರಿಯಣ್ಣನ ಫೋನಿಗೆ ಸಂದೇಶ ಬಂತು. ಇಂಗ್ಲಿಷಿನಲ್ಲಿ ಎರಡು ಮೊತ್ತ ಇದ್ದವು. ಒಂದು ಒಟ್ಟು ಬಾಕಿ, ಇನ್ನೊಂದು 'ಮಿನಿಮಮ್ ಡ್ಯೂ', ನಾಲ್ಕು ಸಾವಿರದ ಇನ್ನೂರು.

"ಏನ್ಲಾ ಅದು?" ಅಂತ ರುದ್ರಮೂರ್ತಿ ಕೇಳಿದ.

ಕರಿಯಣ್ಣ ಒಂದು ಕ್ಷಣ ಯೋಚಿಸಿ, "ಕಂತು ರುದ್ರಣ್ಣ. ಈ ತಿಂಗಳ ಕಂತು ನಾಲ್ಕ್ಸಾವಿರದ ಇನ್ನೂರು" ಅಂದ.

ಆ ಒಂದು ಪದ ಅಲ್ಲಿಂದ ಹೊರಬಿತ್ತು, ನೋಡಿ. ಟ್ರ್ಯಾಕ್ಟರಿಗೆ ಕಂತು, ಸಂಘದ ಸಾಲಕ್ಕೆ ಕಂತು, ಟಿವಿಗೆ ಕಂತು. ಕಂತು ಅಂದಮೇಲೆ ಅದಕ್ಕೊಂದು ಎಣಿಕೆ ಇರಲೇಬೇಕು, ಕೊನೆಯೂ ಇರಲೇಬೇಕು. ರುದ್ರಮೂರ್ತಿ ಸುಣ್ಣದ ಗೋಡೆಯ ಮೇಲೆ ಇದ್ದಲಿನಲ್ಲಿ ಲೆಕ್ಕ ಹಾಕಿದ. ಎಂಬತ್ತನಾಲ್ಕು ಸಾವಿರಕ್ಕೆ ನಾಲ್ಕು ಸಾವಿರದ ಇನ್ನೂರರಂತೆ ಸರಿಯಾಗಿ ಇಪ್ಪತ್ತು ಕಂತು. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಮ್ಮಿಯಿಲ್ಲ. "ನೋಡಿದ್ಯಾ? ಬಡ್ಡಿನೇ ಇಲ್ಲ! ಗಡುವು ತಪ್ಪಿಸ್ಬಾರ್ದು ಅಷ್ಟೇ" ಅಂತ ತೊಡೆ ತಟ್ಟಿಕೊಂಡ. ಕರಿಯಣ್ಣನೂ ಹೌದೆಂದ. ಲೆಕ್ಕ ಅಷ್ಟು ಚೆನ್ನಾಗಿ ಕೂತಿದ್ದರೆ ಯಾರು ತಾನೆ ಇಲ್ಲವೆನ್ನುತ್ತಾರೆ?

ಅಲ್ಲಿಂದ ಪ್ರತಿ ತಿಂಗಳು ರುದ್ರಮೂರ್ತಿ ಕೈಗೆ ನೋಟು ಕೊಡುವುದು, ಕರಿಯಣ್ಣ ತನ್ನ ಫೋನಿನಿಂದ ಬ್ಯಾಂಕಿಗೆ ಕಳಿಸುವುದು. ಎರಡನೇ ತಿಂಗಳು ತೊಂಬತ್ತು ರೂಪಾಯಿ ಚಿಲ್ಲರೆ ಹೆಚ್ಚಿತ್ತು. ಆಮೇಲೆ ತಿಂಗಳಿಗೆ ಇಪ್ಪತ್ತು ಮೂವತ್ತು ಇಳಿಯುತ್ತ ಬಂತು. ಬ್ಯಾಂಕಿನವರು ಏನೋ ಚಿಲ್ಲರೆ ಸರಿ ಮಾಡುತ್ತಿದ್ದಾರೆ ಅಂತ ಇಬ್ಬರೂ ಸುಮ್ಮನಾದರು. ಸಂದೇಶದ ಮೇಲಿನ ಸಾಲಿನಲ್ಲಿದ್ದ ದೊಡ್ಡ ಮೊತ್ತವನ್ನು ಕರಿಯಣ್ಣ ನೋಡುತ್ತಿದ್ದನೋ ಇಲ್ಲವೋ ಅವನಿಗೇ ನೆನಪಿಲ್ಲ. ಅದು ಮೊದಲು ತಂದ ಸಾಲ ಎಷ್ಟು ಅಂತ ತೋರಿಸುವ ಸಾಲು ಅಂತ ಅವನು ತಿಳಿದಿದ್ದ. ರುದ್ರಮೂರ್ತಿ ಪ್ರತಿ ಸಲವೂ ಗೋಡೆಯ ಮೇಲೆ ಒಂದು ಗೀಟು ಎಳೆಯುತ್ತಿದ್ದ.

ಇಪ್ಪತ್ತನೇ ಗೀಟು ಎಳೆದ ದಿನ ರುದ್ರಮೂರ್ತಿ ಇಡೀ ಸಾಲಿನ ಅಂಗಡಿಗಳಿಗೆ ಮೈಸೂರು ಪಾಕು ಹಂಚಿದ. "ನಮ್ಮಪ್ಪನ ಮಗ ಕಣ್ರೋ ನಾನು! ಎಂಬತ್ನಾಕು ಸಾವಿರ, ಒಂದ್ಕಾಸು ಬಡ್ಡಿ ಇಲ್ದೆ ತೀರಿಸ್ದೆ" ಅಂತ ಸಾರಿದ. ಸಂಜೆ ಹೆಂಡತಿ ಸಂಗೀತಾಳಿಗೆ ಒಂದು ಸೀರೆಯನ್ನೂ ತಂದ. ಸಂಗೀತಾ ಅದನ್ನು ಬಿಚ್ಚಿ ನೋಡದೆ, "ಬ್ಯಾಂಕಿನೋರು ಕಾಗ್ದ ಏನಾದ್ರೂ ಕೊಟ್ರಾ ತೀರ್ತು ಅಂತ?" ಅಂದದ್ದಕ್ಕೆ ಅವಳ ಮೇಲೂ ರೇಗಿದ.

ಮುಂದಿನ ತಿಂಗಳ ಹನ್ನೊಂದನೇ ತಾರೀಕು ಬೆಳಿಗ್ಗೆ ಕರಿಯಣ್ಣ ಫೋನು ಹಿಡಿದುಕೊಂಡು ಕುಲುಮೆಯ ಹತ್ತಿರ ಬಂದ. ಮುಖ ಗೊಂದಲದಲ್ಲಿತ್ತು.

"ರುದ್ರಣ್ಣ, ಈ ತಿಂಗಳೂ ಕಂತು ಬಂದೈತೆ. ಮೂರ್ಸಾವಿರದ ಏಳ್ನೂರ ಮೂವತ್ತೊಂಬತ್ತು."

"ಇಪ್ಪತ್ತು ಮುಗೀತಲ್ಲಲೇ!"

"ಅದೇ ನಂಗೂ ಗೊತ್ತಾಗ್ತಿಲ್ಲ."

ರುದ್ರಮೂರ್ತಿ ಅವನ ಮುಖವನ್ನೇ ನೋಡಿದ. ಹಿಂದಿನ ವಾರವಷ್ಟೇ ಕರಿಯಣ್ಣ ಸೆಕೆಂಡ್ ಹ್ಯಾಂಡ್ ಸ್ಕೂಟರೊಂದನ್ನು ಕೊಂಡಿದ್ದ, ಈಗ ಅಜ್ಜಂಪುರದಿಂದ ಅದರಲ್ಲೇ ಬರುತ್ತಿದ್ದ. ಆ ಸ್ಕೂಟರು ಬಾಗಿಲಲ್ಲಿ ನಿಂತಿತ್ತು. ಆವರೆಗೆ ಅದನ್ನು ನೋಡಿ ರುದ್ರಮೂರ್ತಿಗೆ ಖುಷಿಯೇ ಆಗಿತ್ತು. ಈಗ ಅದನ್ನೊಮ್ಮೆ ನೋಡಿ, ಅಂಗಿ ಹಾಕಿಕೊಂಡು ಕಡೂರಿನ ಬಸ್ಸು ಹತ್ತಿದ.

ಬ್ಯಾಂಕಿನಲ್ಲಿ ಶ್ರೀಜಾ ಅಂತ ಒಬ್ಬಳು ಆಫೀಸರು ಕೂತಿದ್ದಳು, ಹೊಸಬಳು, ಮೂವತ್ತರೊಳಗಿನವಳು. ಕಾರ್ಡಿನ ನಂಬರು ಹೊಡೆದು ಕಂಪ್ಯೂಟರು ನೋಡಿ, "ಎಪ್ಪತ್ನಾಲ್ಕು ಸಾವಿರದ ಏಳ್ನೂರ ಎಂಬತ್ಮೂರು ಬಾಕಿ ಇದೆ ಸರ್" ಅಂದಳು.

"ಎಷ್ಟು?"

ಅವಳು ಮತ್ತೆ ಹೇಳಿದಳು.

"ಇಪ್ಪತ್ತು ಕಂತು ಕಟ್ಟೀನಿ ನಾನು! ಎಂಬತ್ಸಾವಿರ ದಾಟೈತೆ ಕಟ್ಟಿರೋದು! ಇನ್ನೂ ಎಪ್ಪತ್ನಾಕು ಎಲ್ಲಿಂದ ಬಂತು?"

"ಸರ್, ಇದು ಕಂತಲ್ಲ, ನೀವು ಬರೀ ಮಿನಿಮಮ್..." ಅಂತ ಅವಳು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಅವನು ಎದುರಿದ್ದ ಕುರ್ಚಿಯನ್ನು ಒದ್ದ. ಕುರ್ಚಿ ಹೋಗಿ ಗಾಜಿನ ಬಾಗಿಲಿಗೆ ಬಡಿಯಿತು, ಗಾಜು ಬಿರುಕು ಬಿಟ್ಟಿತು, ಪಿಂಚಣಿಗೆ ಕೂತಿದ್ದ ಮುದುಕಿಯರು ಕಿರುಚಿದರು. ಗಾರ್ಡು ಬಂದು ತೋಳು ಹಿಡಿದರೆ ಅವನನ್ನು ಗೋಡೆಗೆ ತಳ್ಳಿ ಹೊರಗೆ ಹೋದ. ಇನ್ನೊಂದು ನಿಮಿಷ ನಿಂತಿದ್ದರೆ ಸಾಕಿತ್ತು. ಆ ಒಂದು ನಿಮಿಷ ನಿಲ್ಲುವ ಗುಣ ಆ ಮನೆತನದಲ್ಲೇ ಇರಲಿಲ್ಲವಲ್ಲ, ಏನು ಮಾಡೋಣ!

ಕಡೂರಿನಿಂದ ತರೀಕೆರೆಗೆ ಬರುವ ಬಸ್ಸಿನಲ್ಲಿ ಅವನು ಕೂರಲೇ ಇಲ್ಲ. ಕಂಬಿ ಹಿಡಿದುಕೊಂಡು ನಿಂತೇ ಬಂದ. ಒಂದೇ ಲೆಕ್ಕ ತಲೆಯಲ್ಲಿ ತಿರುಗುತ್ತಿತ್ತು. ಎಂಬತ್ತನಾಲ್ಕರಲ್ಲಿ ಎಪ್ಪತ್ತನಾಲ್ಕು ಮುಕ್ಕಾಲು ಹಾಗೇ ಇದೆ ಅಂದರೆ ಬ್ಯಾಂಕಿಗೆ ಮುಟ್ಟಿದ್ದು ಒಂಬತ್ತು ಸಾವಿರ ಚಿಲ್ಲರೆ. ಮಿಕ್ಕ ಎಪ್ಪತ್ತು ಸಾವಿರ ಎಲ್ಲಿ? ಕೊಟ್ಟದ್ದು ಕರಿಯಣ್ಣನ ಕೈಗೆ. ರಸೀದಿ ಒಂದೂ ಇಲ್ಲ. ಬಡ್ಡಿ ಇರಬಹುದು ಅಂತ ಅವನಿಗೆ ಹೊಳೆಯಲೇ ಇಲ್ಲ. ತಾನೇನು ಸುಸ್ತಿದಾರನೇ? ಒಂದು ತಿಂಗಳೂ ಗಡುವು ತಪ್ಪಿಸಿರಲಿಲ್ಲ. ತಪ್ಪಿಸದವನಿಗೆ ಬಡ್ಡಿ ಇಲ್ಲ. ಇದು ಅವನಿಗೆ ಸೂರ್ಯ ಮೂಡುವಷ್ಟು ಖಾತ್ರಿಯಾಗಿತ್ತು. ಆದ್ದರಿಂದ ಉಳಿದದ್ದು ಒಂದೇ ಮಾತು, ಕರಿಯಣ್ಣ ತಿಂದ.

ಅವನು ಬಂದಾಗ ಮಧ್ಯಾಹ್ನ ಒಂದೂವರೆ. ಕರಿಯಣ್ಣ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದ. ರುದ್ರಮೂರ್ತಿ ಡಬ್ಬಿಯನ್ನು ಒದ್ದ. ಮುದ್ದೆ ಮಣ್ಣಿಗೆ ಬಿತ್ತು.

"ಕಳ್ಳ! ಕಳ್ಳ ನನ್ಮಗ್ನೇ!"

"ಯಾಕ್ ರುದ್ರಣ್ಣ? ಏನಾಯ್ತು?"

"ಎಪ್ಪತ್ಸಾವಿರ ಎಲ್ಲೋ? ನಿನ್ ಸ್ಕೂಟ್ರಿಗೆ ಹಾಕಿದ್ಯಾ, ಹೆಂಡ್ತಿ ಕೊರಳಿಗೆ ಹಾಕಿದ್ಯಾ?"

ಮೊದಲ ಏಟು ಕೆನ್ನೆಗೆ ಬಿತ್ತು. ಕರಿಯಣ್ಣನ ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಎರಡನೆಯದು ಹೊಟ್ಟೆಗೆ. ಅವನು ಬಗ್ಗಿದ ಕೂಡಲೇ ಬೆನ್ನಿಗೆ ಮೊಣಕೈ. ಅಕ್ಕಪಕ್ಕದ ಅಂಗಡಿಯವರು, ಲಾರಿ ಡ್ರೈವರುಗಳು ಓಡಿ ಬಂದರು, ಆದರೆ ಒಳಗೆ ಕಾಲಿಡುವ ಧೈರ್ಯ ಯಾರಿಗೂ ಬರಲಿಲ್ಲ. "ಇಪ್ಪತ್ತೆರಡು ವರ್ಷ ಅನ್ನ ಹಾಕಿದ್ನಲ್ಲೋ, ಕಳ್ಳಾ!" ಅಂತ ರುದ್ರಮೂರ್ತಿ ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗುತ್ತ ಒದೆಯುತ್ತಿದ್ದ. ಕರಿಯಣ್ಣ ತಿರುಗಿ ಹೊಡೆಯಲಿಲ್ಲ. ಹೊಡೆಯಬಹುದಿತ್ತು, ಮೈಯಲ್ಲಿ ಅವನಿಗೂ ಬಲ ಇತ್ತು. "ಫೋನಲ್ಲೈತೆ, ಫೋನ್ ನೋಡು" ಅಂತಲೇ ಹೇಳುತ್ತಿದ್ದ. ಬಾಯಿ ತುಂಬ ರಕ್ತ ಇದ್ದದ್ದರಿಂದ ಆ ಮಾತು ಯಾರಿಗೂ ಅರ್ಥವಾಗಲಿಲ್ಲ.

ಏಳಲು ಹೋಗಿ ಅವನು ಬಲಗೈಯನ್ನು ಅಡಿಗಲ್ಲಿನ ಮೇಲೆ ಊರಿದ. ರುದ್ರಮೂರ್ತಿಯ ಕೈಗೆ ಸುತ್ತಿಗೆ ಸಿಕ್ಕಿತ್ತು. ಆಮೇಲೆ ಸುತ್ತಿಗೆ ಜಾರಿತು ಅಂತ ಹೇಳಿಕೊಳ್ಳಬಹುದಿತ್ತು, ವಕೀಲರೂ ಹಾಗೇ ಹೇಳು ಅಂದರು. ಜಾರಲಿಲ್ಲ. ಅವನು ಕಾಲು ಅಗಲಿಸಿ ನಿಂತು, ದಿನಾ ಬೀಸುವ ಹಾಗೇ ಬೀಸಿದ. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬರಲಿಲ್ಲ. ಆಮೇಲೆ ಕರಿಯಣ್ಣ ಕೂಗಿದ ಕೂಗಿಗೆ ರಸ್ತೆಯ ಆಚೆ ಹೋಟೆಲಿನವರು ಕೂಡ ಎದ್ದು ಬಂದರು.

ತಿಪ್ಪೇಶ ಆಗ ಒಳಗೆ ನುಗ್ಗಿದ. ಮಿಕ್ಕವರು ನಾಲ್ಕು ಜನ ಸೇರಿ ರುದ್ರಮೂರ್ತಿಯನ್ನು ಹಿಂದಕ್ಕೆ ಎಳೆದು ಗೋಡೆಗೆ ಒತ್ತಿ ಹಿಡಿದರು. ಕರಿಯಣ್ಣ ನೆಲದ ಮೇಲೆ ಬಿದ್ದು ಎಡಗೈಯಲ್ಲಿ ಜೇಬು ತಡಕುತ್ತಿದ್ದ. ತಿಪ್ಪೇಶ ಫೋನು ತೆಗೆದು ಕೊಟ್ಟರೆ ಅದೇ ಎಡಗೈಯ ಬೆರಳಿನಲ್ಲಿ ಏನೋ ಒತ್ತಿ ವಾಪಸ್ಸು ಕೊಟ್ಟ. "ಓದು" ಅಂದ.

ತಿಪ್ಪೇಶ ಓದಿದ. ಬ್ಯಾಂಕಿನ ಹೆಸರು, ಕಾರ್ಡಿನ ಕೊನೆಯ ನಾಲ್ಕು ಅಂಕಿ, ನಾಲ್ಕು ಸಾವಿರದ ಇನ್ನೂರು. ಮುಂದಿನ ತಿಂಗಳು ನಾಲ್ಕು ಸಾವಿರದ ಇನ್ನೂರ ತೊಂಬತ್ತೆರಡು. ಅದರ ಮುಂದಿನ ತಿಂಗಳು... ಅವನು ಒಂದೊಂದನ್ನೇ ಓದುತ್ತ ಹೋದ. ಇಪ್ಪತ್ತು ಸಲ ಕಳಿಸಿದ ಇಪ್ಪತ್ತು ಮೊತ್ತ ಅಲ್ಲಿದ್ದವು. ಪ್ರತಿಯೊಂದೂ ಗಡುವಿಗೆ ಒಂದು ದಿನ ಮುಂಚೆ ಹೋಗಿತ್ತು. ರುದ್ರಮೂರ್ತಿಯನ್ನು ಒತ್ತಿ ಹಿಡಿದಿದ್ದವರು ಕೈ ಸಡಿಲಿಸಿದರು, ಯಾಕೆಂದರೆ ಅವನ ಮೈಯಲ್ಲಿ ಒತ್ತಿ ಹಿಡಿಯುವಂಥದ್ದು ಏನೂ ಉಳಿದಿರಲಿಲ್ಲ. ಅವನು ಗೋಡೆಗೆ ಒರಗಿಕೊಂಡು ಕುಸಿದು ಕೂತ.

ತರೀಕೆರೆ ಆಸ್ಪತ್ರೆಯಲ್ಲಿ ಬಟ್ಟೆ ಸುತ್ತಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ತೋರುಬೆರಳು, ನಡುಬೆರಳು ಎರಡನ್ನೂ ತೆಗೆದರು. ಉಂಗುರದ ಬೆರಳು ಇರುತ್ತದೆ, ಆದರೆ ಮಡಿಸಲಾಗುವುದಿಲ್ಲ ಅಂದರು. ಕರಿಯಣ್ಣನ ಹೆಂಡತಿ ಜಯಲಕ್ಷ್ಮಮ್ಮ ಆಸ್ಪತ್ರೆಯಿಂದ ಸೀದಾ ಪೊಲೀಸ್ ಠಾಣೆಗೆ ಬಂದಳು. ಅಲ್ಲಿ ಬೆಂಚಿನ ಮೇಲೆ ಕೂತಿದ್ದ ರುದ್ರಮೂರ್ತಿಯನ್ನು ಕಂಡವಳೇ ಕಾಲಿನ ಚಪ್ಪಲಿ ತೆಗೆದು ಮುಖಕ್ಕೆ ಬಾರಿಸಿದಳು, ಒಂದಲ್ಲ ಎರಡಲ್ಲ. "ನಿನ್ ಮನೆ ಹಾಳಾಗ! ಅವನು ಉಣ್ತಾ ಕೂತಿದ್ನಲ್ಲೋ! ಉಣ್ಣೋನ ಕೈ ಜಜ್ಜಿದ್ಯಲ್ಲೋ!" ಪೇದೆಗಳು ಬಿಡಿಸುವಷ್ಟರಲ್ಲಿ ಅವನ ಹುಬ್ಬು ಒಡೆದಿತ್ತು. ಅವನು ಕೈ ಅಡ್ಡ ಹಿಡಿಯಲಿಲ್ಲ. ತಾನು ಹೊಡೆಯದೆ ಬರೀ ಏಟು ತಿಂದದ್ದು ಅಪ್ಪ ಸತ್ತ ಮೇಲೆ ಅದೇ ಮೊದಲು.

ಮೂವತ್ತೊಂದು ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಗೆ ಬಂದ. ಸಾಕ್ಷಿಗಳ ಮನೆ ಹತ್ತಿರ ಸುಳಿಯಬಾರದು ಅಂತ ಷರತ್ತು. ಮನೆಗೆ ಬಂದ ಮಾರನೇ ದಿನ ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು ತನ್ನ ಬಲಗೈಯನ್ನು ಗೋಡೆಗೆ ಗುದ್ದಿ ಗುದ್ದಿ ಚರ್ಮ ಕಿತ್ತುಕೊಂಡ. ಸಂಗೀತಾ ಬಾಗಿಲು ತಳ್ಳಿ ಬಂದು, ಗದರಿ ಕೈ ಹಿಡಿದಳು.

"ಗೋಡೆಗೆ ಗುದ್ದಿದ್ರೆ ಅವನ ಬೆರಳು ಬತ್ತಾವಾ? ಹೋಗಿ, ಬ್ಯಾಂಕಿಗೆ ಹೋಗಿ ಏನಾಯ್ತು ಅಂತ ತಿಳ್ಕೊಂಡ್ ಬನ್ನಿ. ಯಾತಕ್ಕೆ ಹೊಡೆದ್ರಿ ಅಂತನಾದ್ರೂ ನಿಮ್ಗೆ ಗೊತ್ತಾಗ್ಲಿ."

ಕಡೂರಿಗೆ ಅವಳೂ ಜೊತೆಗೆ ಹೋದಳು. ಬ್ಯಾಂಕಿನ ಬಾಗಿಲಿಗೆ ಹೊಸ ಗಾಜು ಹಾಕಿದ್ದರು. ಗಾರ್ಡು ಅವನನ್ನು ಕಂಡು ಎದ್ದು ನಿಂತ. ಶ್ರೀಜಾ ಮಾತ್ರ ಕುರ್ಚಿ ತೋರಿಸಿದಳು, ಆದರೆ ಮೇಜಿನಿಂದ ಒಂದು ಮಾರು ಹಿಂದಕ್ಕೆ ಸರಿಸಿ ಹಾಕಿಸಿದಳು.

"ನಾನು ಸುಸ್ತಿ ಆಗಿಲ್ಲ ಮೇಡಂ. ಒಂದ್ ತಿಂಗ್ಳೂ ಗಡುವು ತಪ್ಪಿಸಿಲ್ಲ. ಬಡ್ಡಿ ಹೆಂಗ್ ಬಂತು?" ಅಂತ ಅವನು ಕೇಳಿದ. ದನಿ ಎತ್ತಲಿಲ್ಲ.

"ಸುಸ್ತಿ ಆಗಿಲ್ಲ ಅನ್ನೋದು ನಿಜ ಸರ್. ಮಿನಿಮಮ್ ಕಟ್ಟಿದ್ರೆ ಅಷ್ಟೇ ಲಾಭ. ಲೇಟ್ ಫೀ ಇಲ್ಲ, ಹೆಸರು ಕೆಡಲ್ಲ. ಆದ್ರೆ ಬಡ್ಡಿ ನಿಲ್ಲಲ್ಲ. ಬಡ್ಡಿ ಬೀಳದೆ ಇರೋಕೆ ಒಂದೇ ದಾರಿ: ಬಿಲ್ಲಲ್ಲಿರೋ ಒಟ್ಟು ಮೊತ್ತ ಪೂರ್ತಿ, ಗಡುವಿನೊಳಗೆ ಕಟ್ಟಬೇಕು. ಒಂದು ರೂಪಾಯಿ ಉಳಿಸಿಕೊಂಡ್ರೂ ಆ ವಿನಾಯಿತಿ ಹೋಯ್ತು."

ಅವಳು ಕಾಗದ ತೆಗೆದುಕೊಂಡಳು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು ಮುಕ್ಕಾಲು, ವರ್ಷಕ್ಕೆ ನಲವತ್ತೈದು ಅಂದಳು. ಅದರ ಮೇಲೆ ಬಡ್ಡಿಯ ಮೊತ್ತಕ್ಕೆ ನೂರಕ್ಕೆ ಹದಿನೆಂಟು ಜಿಎಸ್‌ಟಿ. ಅದೂ ಗಡುವಿನ ದಿನದಿಂದಲ್ಲ, ಶಿವಮೊಗ್ಗದಲ್ಲಿ ಕಾರ್ಡು ಉಜ್ಜಿದ ದಿನದಿಂದ.

"ಮೊದಲನೇ ಬಿಲ್ಲು ಎಂಬತ್ನಾಲ್ಕು ಸಾವಿರ. ನೀವು ನಾಲ್ಕು ಸಾವಿರದ ಇನ್ನೂರು ಕಟ್ಟಿದ್ರಿ. ಎರಡನೇ ಬಿಲ್ಲು ನೋಡಿ."

ಸಂಗೀತಾ ಬಗ್ಗಿ ಓದಿದಳು. "ಎಂಬತ್ತೈದು ಸಾವಿರದ ಎಂಟ್ನೂರ ಮೂವತ್ತೇಳು."

"ಕಟ್ಟಿದ್ಮೇಲೆ ಜಾಸ್ತಿ ಆಯ್ತಾ?" ಅಂದ ರುದ್ರಮೂರ್ತಿ.

"ಹೌದು. ಕೊಂಡ ದಿನದಿಂದ ಹಿಡಿದು ಬಡ್ಡಿ, ತೆರಿಗೆ ಸೇರಿ ಆರು ಸಾವಿರ ಬಿತ್ತು. ಆಮೇಲಿಂದ ಮಿನಿಮಮ್ ಅನ್ನೋದು ಬಾಕಿಯಲ್ಲಿ ನೂರಕ್ಕೆ ಐದು. ಬಡ್ಡಿ, ತೆರಿಗೆ ಸೇರಿ ತಿಂಗಳಿಗೆ ನೂರಕ್ಕೆ ನಾಲ್ಕೂಕಾಲಿನ ಮೇಲೆ. ನೀವು ಕೊಟ್ಟ ಐದರಲ್ಲಿ ನಾಲ್ಕೂಕಾಲು ಬಡ್ಡಿಗೇ ಹೋಗುತ್ತೆ, ಅಸಲಿಗೆ ಸೇರೋದು ಮುಕ್ಕಾಲು ಕೂಡ ಇಲ್ಲ. ನೀವು ಕಟ್ಟಿದ್ದು ಎಂಬತ್ತು ಸಾವಿರದ ಆರ್ನೂರು ಚಿಲ್ಲರೆ. ಅದ್ರಲ್ಲಿ ಎಪ್ಪತ್ತೊಂದು ಸಾವಿರ ಬಡ್ಡಿ, ತೆರಿಗೆಗೆ ಹೋಯ್ತು. ಒಂಬತ್ತು ಸಾವಿರ ಅಸಲು ತೀರಿತು. ಮಧ್ಯದಲ್ಲಿ ಕಾರ್ಡಲ್ಲಿ ಇನ್ನೇನಾದ್ರೂ ಕೊಂಡಿದ್ರೆ ಅದಕ್ಕೂ ಮೊದಲ ದಿನದಿಂದಲೇ ಬಡ್ಡಿ ಓಡ್ತಿತ್ತು. ಹೀಗೇ ಕಟ್ತಾ ಹೋಗಿದ್ರೆ ವರ್ಷಗಟ್ಟಲೆ ತೀರ್ತಿರಲಿಲ್ಲ."

ರುದ್ರಮೂರ್ತಿ ಕಾಗದದ ಮೇಲಿನ ಆ ಅಂಕಿಗೆ ಬೆರಳಿಟ್ಟ. "ಎಪ್ಪತ್ತೊಂದು" ಅಂದ. ಕರಿಯಣ್ಣ ಕದ್ದ ಅಂತ ಅವನು ಬಸ್ಸಿನಲ್ಲಿ ಹಾಕಿದ್ದ ಲೆಕ್ಕವೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಲೆಕ್ಕ ತಪ್ಪಿರಲಿಲ್ಲ, ಕಳ್ಳ ಬೇರೆಯಾಗಿದ್ದ.

"ಇದನ್ನ ಅವತ್ತೇ ಯಾಕ್ ಹೇಳ್ಲಿಲ್ಲ ಮೇಡಂ?"

"ಹೇಳೋಕೆ ಬಾಯಿ ತೆಗೆದೆ. ನೀವು ಕುರ್ಚಿ ಒದ್ದು ಹೋದ್ರಿ."

ಅವನು ಜೈಲಿನಲ್ಲಿದ್ದಾಗ ಇಪ್ಪತ್ತೊಂದನೇ ತಿಂಗಳಿನದು ಕಟ್ಟದೆ ಉಳಿದಿತ್ತು. ಹಾಗಾಗಿ ಈಗ ಲೇಟ್ ಫೀಯೂ ಸೇರಿ ಎಪ್ಪತ್ತೊಂಬತ್ತು ಸಾವಿರ ದಾಟಿತ್ತು. ಷಣ್ಮುಖಪ್ಪನ ಮಗ ಕೊನೆಗೂ ಸುಸ್ತಿದಾರನಾಗಿದ್ದ. ಮಿಕ್ಕಿದ್ದ ಪ್ಲೇಟುಗಳ ದಾಸ್ತಾನನ್ನು ಬಂದ ರೇಟಿಗೆ ಮಾರಿದ. ಸಂಗೀತಾ ತನ್ನ ಎರಡು ಬಳೆ ಬಿಚ್ಚಿ ಕೊಟ್ಟಳು. ಒಂದೇ ಸಲಕ್ಕೆ ಪೂರ್ತಿ ಕಟ್ಟಿದರು. ಬಿಲ್ಲಿನ ದಿನದಿಂದ ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ತಿಂಗಳು ಇನ್ನೊಂದಿಷ್ಟು ಬರುತ್ತದೆ, ಅದನ್ನೂ ಕಟ್ಟಿದ ಮೇಲೆ ಕಾರ್ಡು ಮುಚ್ಚಿಸಿ ಅಂತ ಶ್ರೀಜಾ ಹೇಳಿದಳು. ಬ್ಯಾಂಕಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಆಸ್ಪತ್ರೆಯ ಖರ್ಚಿಗೆ ಅಂತ ಸಂಗೀತಾ ನಲವತ್ತು ಸಾವಿರ ತೆಗೆದುಕೊಂಡು ಅಜ್ಜಂಪುರಕ್ಕೆ ಹೋದಳು. ಕರಿಯಣ್ಣ ಜಗಲಿಯ ಮೇಲೆ ಕೂತಿದ್ದ, ಬ್ಯಾಂಡೇಜಿನ ಕೈ ತೊಡೆಯ ಮೇಲಿತ್ತು. ಜಯಲಕ್ಷ್ಮಮ್ಮ ದುಡ್ಡನ್ನು ಅಂಗಳಕ್ಕೆ ಎಸೆದಳು. ಕರಿಯಣ್ಣ ಹೆಂಡತಿಯನ್ನು ಸುಮ್ಮನಿರಿಸಿ, ದುಡ್ಡು ಆರಿಸಿ ಒಳಗಿಡು, ಅದು ಆಸ್ಪತ್ರೆಯದು ಅಂದ. ಆಮೇಲೆ ಸಂಗೀತಾಳ ಕಡೆ ತಿರುಗಿದ.

"ಅಕ್ಕಾ, ನಾನೇ ಕದ್ದಿದ್ರೆ ಚೆನ್ನಾಗಿತ್ತು. ದುಡ್ಡಾದ್ರೂ ಇಲ್ಲೇ ಇರ್ತಿತ್ತು, ವಾಪಸ್ ಕೊಟ್ಬಿಡ್ತಿದ್ದೆ."

ಸಂಗೀತಾ ಅಲ್ಲೇ ಅತ್ತಳು.

"ಕಂತು ಅಂತ ಹೇಳಿದ್ದು ನಾನು. ಅದು ನನ್ ತಪ್ಪು, ಒಪ್ತೀನಿ. ಆದ್ರೆ ಕಳ್ಳ ಅಂತ ಇಡೀ ಲಾರಿ ಸ್ಟ್ಯಾಂಡ್ ಮುಂದೆ ಕೂಗ್ದ. ಈಗ ಮಗಳ ಸ್ಕೂಲಲ್ಲೂ ಕೇಳ್ತಾರಂತೆ. ಅವನು ಎಲ್ಲಿ ಕೂಗಿದ್ನೋ ಅಲ್ಲೇ ನಿಂತು, ಅಷ್ಟೇ ಜೋರಾಗಿ, ಏನು ನಡೀತು ಅಂತ ಹೇಳ್ಬೇಕು. ಒಂದೂ ಬಿಡ್ದಂಗೆ."

ಅವಳು ಮನೆಗೆ ಬಂದು ಹೇಳಿದಾಗ ರುದ್ರಮೂರ್ತಿ ಊಟದ ತಟ್ಟೆ ಮುಂದೆ ಕೂತಿದ್ದ. ಕೈ ತೊಳೆದುಕೊಂಡು ಎದ್ದ. "ಜನ ನಗ್ತಾರೆ" ಅಂದ. "ನಗ್ಲಿ" ಅಂದಳು ಅವಳು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆ, ಸ್ಟ್ಯಾಂಡು ತುಂಬಿದ ಹೊತ್ತು. ರುದ್ರಮೂರ್ತಿ ತನ್ನ ಮುಚ್ಚಿದ ಅಂಗಡಿಯ ಮುಂದೆ ನಿಂತು ಕೂಗಿದ. ಮೊದಲು ಯಾರೂ ಕಿವಿ ಹಾಕಲಿಲ್ಲ. ಮತ್ತೆ ಕೂಗಿದ. ಡ್ರೈವರುಗಳು, ಕ್ಲೀನರುಗಳು, ಟೀ ಹಿಡಿದವರು ಸುತ್ತ ಸೇರಿದರು. ಕರಿಯಣ್ಣ ಕಳ್ಳ ಅಲ್ಲ, ಅವನು ಇಪ್ಪತ್ತು ತಿಂಗಳೂ ಸರಿಯಾಗಿ ಕಟ್ಟಿದ್ದ ಅಂತ ಶುರು ಮಾಡಿ, ತಾನು ಮಿನಿಮಮ್ಮನ್ನು ಕಂತು ಅಂತ ತಿಳಿದದ್ದು, ಬಡ್ಡಿ ಇಲ್ಲ ಅಂತ ಮೈಸೂರು ಪಾಕು ಹಂಚಿದ್ದು, ಕಟ್ಟಿದ ಎಂಬತ್ತು ಸಾವಿರದಲ್ಲಿ ಎಪ್ಪತ್ತೊಂದು ಬಡ್ಡಿಗೆ ಹೋದದ್ದು ಎಲ್ಲ ಹೇಳಿದ.

ಯಾರೋ ಒಬ್ಬ ಫಕ್ಕನೆ ನಕ್ಕ. ಆ ನಗು ಹಬ್ಬಿತು. "ಎಂಬತ್ತು ಕಟ್ಟಿ ಒಂಬತ್ತು ತೀರಿಸ್ದ ಕಣ್ರೋ! ಸ್ವೀಟ್ ಬೇರೆ ಹಂಚಿದ್ದ!" ಅಂತ ಒಬ್ಬ. "ಗೋಡೆ ಮ್ಯಾಲೆ ಗೀಟು ಎಳೆದಿದ್ನಂತೆ" ಅಂತ ಇನ್ನೊಬ್ಬ. ಹಲ್ಲು ಉದುರಿಸಿಕೊಂಡಿದ್ದ ಆ ಡ್ರೈವರನೂ ಅಲ್ಲಿದ್ದ, ಬೊಚ್ಚು ಬಾಯಿ ತೆರೆದು ಎಲ್ಲರಿಗಿಂತ ಜೋರಾಗಿ ನಕ್ಕ. ಹತ್ತಿರ ಬಂದು ರುದ್ರಮೂರ್ತಿಯ ಎದೆಗೆ ಒಮ್ಮೆ ತಳ್ಳಿದ, ಇನ್ನೊಮ್ಮೆ ತಳ್ಳಿದ. ರುದ್ರಮೂರ್ತಿಯ ಮುಷ್ಟಿ ಬಿಗಿಯಿತು, ಕತ್ತಿನ ನರ ಉಬ್ಬಿತು. ಮೈಯೆಲ್ಲ ಉರಿಯುತ್ತಿತ್ತು ಅವನಿಗೆ. ಮೂರನೇ ಸಲ ತಳ್ಳಿದಾಗ ಬೆನ್ನು ಶಟರಿಗೆ ಬಡಿಯಿತು. ಕೈ ಮೇಲೇಳಲಿಲ್ಲ.

"ಇನ್ನೂ ಮುಗ್ದಿಲ್ಲ" ಅಂತ ಅವನು ಮತ್ತೆ ಕೂಗಿದ. "ಸುತ್ತಿಗೆ ಜಾರ್ಲಿಲ್ಲ. ಬೇಕಂತಲೇ ಹೊಡೆದೆ. ಎರಡು ಬೆರಳು ಹೋದ್ವು."

ನಗು ನಿಂತಿತು. ಆಗಲೇ ಗುಂಪಿನ ಹಿಂದೆ ನಿಂತಿದ್ದ ಕರಿಯಣ್ಣನನ್ನು ಜನ ನೋಡಿದ್ದು. ತಿಪ್ಪೇಶನ ಬೈಕಿನ ಹಿಂದೆ ಕೂತು ಬಂದಿದ್ದನಂತೆ. ದಾರಿ ಬಿಟ್ಟರು. ಅವನು ನಾಲ್ಕು ಹೆಜ್ಜೆ ಮುಂದೆ ಬಂದು ನಿಂತ. ಕೈಯ ಬ್ಯಾಂಡೇಜು ಬಿಚ್ಚಿಯಾಗಿತ್ತು, ಹೊಲಿಗೆ ಹಾಕಿದ ಗುರುತು ಕೆಂಪಗೆ ಕಾಣುತ್ತಿತ್ತು.

ರುದ್ರಮೂರ್ತಿ ಒಂದು ಹೆಜ್ಜೆ ಮುಂದಿಟ್ಟ. "ಕರಿಯಾ..." ಅಂದ.

"ಕೇಳಿಸ್ಕೊಂಡೆ ರುದ್ರಣ್ಣ. ಎಲ್ಲಾ ಸರಿಯಾಗಿ ಹೇಳ್ದೆ. ನನ್ ಹೆಸರು ನಂಗೆ ವಾಪಸ್ ಬಂತು."

"ಮತ್ತೆ ಬತ್ತೀಯಾ?"

ಕರಿಯಣ್ಣ ಅವನನ್ನೇ ನೋಡಿದ, ಸಿಟ್ಟಿನಿಂದಲ್ಲ.

"ಹದಿನೇಳಕ್ಕೆ ಕೋರ್ಟಲ್ಲಿ ಸಾಕ್ಷಿ ಐತೆ ನಂದು. ಅವತ್ತು ಬತ್ತೀನಿ. ಈಗ ನೀನು ಹೇಳಿದ್ದನ್ನೇ ನಾನೂ ಅಲ್ಲಿ ಹೇಳ್ತೀನಿ."

ತಿಪ್ಪೇಶ ಬೈಕು ತಿರುಗಿಸಿದ. ಕರಿಯಣ್ಣ ಎಡಗೈಯಲ್ಲಿ ಅವನ ಹೆಗಲು ಹಿಡಿದು ಹಿಂದೆ ಹತ್ತಿ ಕೂತ.